ಗ್ರಾಹಕರ ಕ್ಲಿಪ್‌ಗಳಿಂದ 30 ಸೆಕೆಂಡಿನ ಪ್ರಚಾರ ವಿಡಿಯೊ: ಸ್ಕ್ರಿಪ್ಟ್ ಹೊಂದುತ್ತಲೇ ಇಲ್ಲ

ಚಕ್ಕುಲಿಮನೆ: ಮನೆಯಲ್ಲೇ ಬೆಣ್ಣೆ ಚಕ್ಕುಲಿ ಮಾಡಿ ಮಾರುತ್ತೇವೆ. ಗ್ರಾಹಕರು ಕಳುಹಿಸಿದ ಕ್ಲಿಪ್‌ಗಳನ್ನು ಸೇರಿಸಿ 30 ಸೆಕೆಂಡಿನ ವಿಡಿಯೊ ಮಾಡಬೇಕು. ಎಷ್ಟು ಕತ್ತರಿಸಿದರೂ ಒಂದು ನಿಮಿಷ ದಾಟುತ್ತದೆ. ತಲೆ ಕೆಟ್ಟುಹೋಗಿದೆ.

ಮದುವೆಕ್ಯಾಮೆರಾ: ಕ್ಲಿಪ್‌ಗಳು ವಾಟ್ಸ್ಆ್ಯಪ್‌ನಲ್ಲಿ ಬಂದವೇ? ಹಾಗಿದ್ದರೆ ಗುಣಮಟ್ಟ ಹೋಗಿರುತ್ತದೆ. ಎಲ್ಲರಿಂದಲೂ ಡಾಕ್ಯುಮೆಂಟ್ ಆಗಿ ಮತ್ತೆ ತರಿಸಿ.

ಕತ್ತರಿಮೇಜು: ಅವರು ಕೇಳಿದ್ದು ಉದ್ದದ ಬಗ್ಗೆ. ನಿರೂಪಣೆ ಇದೆಯೇ? ಎಷ್ಟು ಪದ?

ಚಕ್ಕುಲಿಮನೆ: ಇದೆ. ಯಜಮಾನರ ಧ್ವನಿ, 92 ಪದ. ನಡುನಡುವೆ ಗ್ರಾಹಕರ ಮಾತು.

ಮದುವೆಕ್ಯಾಮೆರಾ: ಗುಣಮಟ್ಟ ಸರಿಯಾದರೆ ಉಳಿದದ್ದು ತಾನಾಗಿಯೇ ಸರಿಯಾಗುತ್ತದೆ.

ಕತ್ತರಿಮೇಜು: ಇಲ್ಲ. ನಿಧಾನವಾಗಿ ಓದಿದರೆ ಸೆಕೆಂಡಿಗೆ ಸುಮಾರು ಎರಡು ಪದ. ಅಂದರೆ 92 ಪದಕ್ಕೇ 46 ಸೆಕೆಂಡು ಬೇಕು. ಗ್ರಾಹಕರಿಗೆ ಜಾಗವೆಲ್ಲಿ? ಸ್ಕ್ರಿಪ್ಟನ್ನು ಪಕ್ಕಕ್ಕಿಡಿ. ಮೊದಲು ಪ್ರತಿ ಕ್ಲಿಪ್ ಕೇಳಿ, ಆಡಿದ ಮಾತನ್ನು ಇದ್ದಂತೆಯೇ ಹಾಳೆಯ ಮೇಲೆ ಬರೆಯಿರಿ, ಪಕ್ಕದಲ್ಲಿ ಎಷ್ಟನೇ ಸೆಕೆಂಡು ಎಂದು ಗುರುತು ಹಾಕಿ. 'ಚೆನ್ನಾಗಿದೆ' ಎಂಬುದನ್ನೆಲ್ಲ ಹೊಡೆದುಹಾಕಿ. ನಿಮ್ಮ ಚಕ್ಕುಲಿಗೆ ಮಾತ್ರ ಹೊಂದುವ ಮಾತನ್ನು ಉಳಿಸಿ. ಯಾವುದು ಸಿಕ್ಕಿತು, ಇಲ್ಲಿ ಹಾಕಿ.

ಚಕ್ಕುಲಿಮನೆ: ಎರಡು ಸಿಕ್ಕವು. 'ಹದಿನೈದು ದಿನವಾಯಿತು, ಇನ್ನೂ ಗರಿಗರಿಯಾಗಿದೆ' ಎನ್ನುವ ಮಹಿಳೆ. 'ಅಜ್ಜನಿಗೂ ಕಡಿಯಲು ಆಗುತ್ತದೆ' ಎನ್ನುವ ಹುಡುಗ. ಚಕ್ಕುಲಿ ಮುರಿಯುವ ಕ್ಲಿಪ್ ಒಂದಿದೆ, ಮಾತಿಲ್ಲ.

ಕತ್ತರಿಮೇಜು: ಇಷ್ಟು ಸಾಕು. 0–3: ಮುರಿಯುವ ಸದ್ದು ಮಾತ್ರ, ಸಂಗೀತವೂ ಬೇಡ. 3–11: ಮಹಿಳೆ. 11–16: ನಿರೂಪಣೆ, 'ಅಕ್ಕಿ, ಉದ್ದು, ಬೆಣ್ಣೆ. ಆರ್ಡರ್ ಬಂದ ಮೇಲೆಯೇ ಎಣ್ಣೆ ಕಾಯಿಸುತ್ತೇವೆ.' ಎಂಟೇ ಪದ. 16–24: ಹುಡುಗ. 24–30: ಪರದೆಯ ಮೇಲೆ ಫೋನ್ ಸಂಖ್ಯೆ, ಓದಿ ಹೇಳಬೇಡಿ. ಮಾತಿನ ನಡುವೆ ಕತ್ತರಿಸಿದ ಕಡೆ ಮುಖ ತಟ್ಟನೆ ಜಿಗಿಯುತ್ತದೆ. ಧ್ವನಿಯನ್ನು ಮುಂದುವರಿಸಿ, ಅಲ್ಲಿ ತಟ್ಟೆಯ ದೃಶ್ಯ ಹೊದಿಸಿ.

ಸಾಬೂನುಮನೆ: ನಾನು ಹೊಸ ಕಾಲರ್ ಮೈಕ್, ಎರಡು ಎಲ್‌ಇಡಿ ದೀಪ ತಂದ ಮೇಲೆ ಗ್ರಾಹಕರ ಕ್ಲಿಪ್ ಬಳಸುವುದನ್ನೇ ಬಿಟ್ಟೆ. ನೀವೂ ತನ್ನಿ.

ಚಕ್ಕುಲಿಮನೆ: ನಮಗೆ ಗ್ರಾಹಕರ ಮಾತೇ ಬೇಕು. ಈಗ 31 ಸೆಕೆಂಡಿಗೆ ಬಂದಿದೆ! ಆದರೆ ಮಹಿಳೆಯ ಹಿಂದೆ ಟಿವಿಯಲ್ಲಿ ಸಿನಿಮಾ ಹಾಡು ಕೇಳಿಸುತ್ತದೆ.

ಮದುವೆಕ್ಯಾಮೆರಾ: ಮೇಲೆ ಜೋರಾಗಿ ಸಂಗೀತ ಹಾಕಿ ಮುಚ್ಚಿ.

ಕತ್ತರಿಮೇಜು: ಬೇಡ, ಮಾತೂ ಮುಳುಗುತ್ತದೆ, ಹಾಡಿನ ಹಕ್ಕಿನ ತಕರಾರೂ ಉಳಿಯುತ್ತದೆ. ಟಿವಿ ಆರಿಸಿ ಅದೇ ಮಾತನ್ನು ವಾಯ್ಸ್ ನೋಟ್ ಕಳುಹಿಸಲು ಅವರನ್ನು ಕೇಳಿ. ತುಟಿ ಹೊಂದದ ಕಡೆ ಚಕ್ಕುಲಿ ತೋರಿಸಿ. ಅಂದ ಹಾಗೆ, ಪ್ರಚಾರಕ್ಕೆ ಬಳಸಲು ಆ ಹುಡುಗನ ಮನೆಯವರು ಒಪ್ಪಿದ್ದಾರೆಯೇ?

ಚಕ್ಕುಲಿಮನೆ: ಕ್ಲಿಪ್ ಕಳುಹಿಸಿದ್ದು ಅವನ ಅತ್ತೆ. ಅಪ್ಪ ಅಮ್ಮನನ್ನು ಇನ್ನೂ ಕೇಳಬೇಕು.