ಅಪ್‌ಡೇಟ್: ಎಫ್ ಬಾರೆ ಕಾರ್ಡ್‌ನ ಝರ್ ಸದ್ದು ನಿಂತಿತು

ನನ್ನ ಪ್ರಶ್ನೆ: "ಗಿಟಾರಿನಲ್ಲಿ ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡ ಒತ್ತಿ ಎಫ್ ಬಾರೆ ಹಿಡಿದರೆ ತಂತಿಗಳು ಝರ್ ಎನ್ನುತ್ತವೆ, ಹೆಬ್ಬೆರಳ ಬುಡ ನೋಯುತ್ತದೆ. ಏಕೆ?"

ತುಮಕೂರಿನಲ್ಲಿ ಗಿಟಾರ್ ರಿಪೇರಿ ಮಾಡುವ ಹಿರಿಯರೊಬ್ಬರು ಅದೇ ಹಿಡಿತವನ್ನು ಐದನೇ ಫ್ರೆಟ್‌ನಲ್ಲಿ, ಅಂದರೆ ಕತ್ತಿನ ಮೇಲಿನ ಐದನೇ ಲೋಹದ ಅಡ್ಡಪಟ್ಟಿಯ ಬಳಿ, ಹಿಡಿಸಿದರು. ಅಲ್ಲಿ ಸದ್ದು ಬಹುಪಾಲು ಸ್ಪಷ್ಟವಾಗಿತ್ತು. ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯೇ ನಟ್; ಎಫ್ ಹಿಡಿಯುವ ಮೊದಲ ಫ್ರೆಟ್ ಅದಕ್ಕೆ ತೀರಾ ಹತ್ತಿರವಿರುವುದರಿಂದ ಅಲ್ಲಿ ತಂತಿ ಒತ್ತುವುದು ಕಷ್ಟ. ನಟ್ ಎತ್ತರವಿದ್ದರಂತೂ ಕೈ ಸೋಲುತ್ತದೆ. ಮೂರನೇ ಫ್ರೆಟ್ ಬಳಿ ತಂತಿ ಒತ್ತಿದಾಗ ಮೊದಲ ಫ್ರೆಟ್ ಮೇಲೆ ಕೂದಲೆಳೆಯಷ್ಟೇ ಸಂದು ಇರಬೇಕು. ನನ್ನ ಗಿಟಾರಿನಲ್ಲಿ ಹೆಚ್ಚಿತ್ತು, ನಟ್‌ನಲ್ಲಿ ತಂತಿ ಕೂರುವ ಕಚ್ಚುಗಳನ್ನು ಅರದಿಂದ ಉಜ್ಜಿ ಇಳಿಸಿದರು.

ಆಮೇಲೂ ಎರಡನೇ ತಂತಿ ಮಾತ್ರ ಝರ್ ಎನ್ನುತ್ತಿತ್ತು. ಅದು ತೋರುಬೆರಳಿನ ಗೆಣ್ಣಿನ ಮಡಿಕೆಯೊಳಗೆ ಕೂತಿತ್ತು. ಬೆರಳನ್ನು ತುಸು ಮೇಲೆ ಸರಿಸಿ, ಮೂಳೆಯಿರುವ ಪಕ್ಕಕ್ಕೆ ಹೊರಳಿಸಿದೆ; ಸರಿಹೋಯಿತು. ನಡುವಿನ ಮೂರು ತಂತಿಗಳನ್ನು ಉಳಿದ ಬೆರಳುಗಳೇ ಒತ್ತುವುದರಿಂದ ತೋರುಬೆರಳು ಆರನ್ನೂ ಹಿಂಡಬೇಕಿಲ್ಲ. ಹೆಬ್ಬೆರಳು ಸಡಿಲಿಸಿ ತೋಳಿನ ಭಾರದಿಂದ ಹಿಂದಕ್ಕೆಳೆದರೆ ನೋವು ಬಹಳ ಕಡಿಮೆ.