ಪದ ಬೇಕಿದೆ: ಲ್ಯಾಬ್ ವರದಿಯ ‘ರೆಫರೆನ್ಸ್ ರೇಂಜ್’

ಒಂದು ಕ್ಲಿನಿಕ್ಕಿನ ಗೋಡೆಫಲಕವನ್ನು ಅನುವಾದಿಸುತ್ತಿದ್ದೇನೆ, ಸಂಜೆ ಮುದ್ರಣಕ್ಕೆ ಹೋಗಬೇಕು. ರಕ್ತಪರೀಕ್ಷೆಯ ವರದಿಯನ್ನು ಫೋಟೊ ತೆಗೆದು ಕಳಿಸುವವರಿಗೆ ಸೂಚನೆ: ಪರೀಕ್ಷೆಯ ಹೆಸರು, ಬಂದ ಅಂಕಿ, ಏಕಮಾನ, ‘ರೆಫರೆನ್ಸ್ ರೇಂಜ್’ ನಾಲ್ಕೂ ಒಂದೇ ಸಾಲಿನಲ್ಲಿ ಕಾಣಬೇಕು. ಕೊನೆಯದಕ್ಕೆ ‘ಉಲ್ಲೇಖ ವ್ಯಾಪ್ತಿ’ ಎಂದು ಬರೆದೆ. ಓದಿದರೆ ನನಗೇ ಅರ್ಥವಾಗಲಿಲ್ಲ. ‘ಸಾಮಾನ್ಯ ಮಿತಿ’ ಸಾಕೇ?
— ಸು., ಶಿವಮೊಗ್ಗ

‘ಹರವು’ ಎನ್ನಿ. ಹಳಗನ್ನಡದ ‘ಪರಪು’, ನಡುಗನ್ನಡದ ‘ಹರಹು’, ಇಂದಿನ ‘ಹರವು’. ಮನೆಯಲ್ಲೇ ಪದವಿರುವಾಗ ‘ವ್ಯಾಪ್ತಿ’ಯನ್ನು ಸಂಸ್ಕೃತದಿಂದ ಕಡ ತರುವುದೇಕೆ? ‘ಏಕಮಾನ’ವೂ ಬೇಡ.
— ವೆಂ., ಮೈಸೂರು

ಮಿತಿ ಎಷ್ಟೆಂದು ಎಲ್ಲರಿಗೂ ಗೊತ್ತಿರುವುದೇ. ಆ ಕಾಲಮ್ ಫೋಟೊದಲ್ಲಿ ಬರದಿದ್ದರೂ ನಡೆಯುತ್ತದೆ. ನಮ್ಮ ಚಿಕ್ಕಮ್ಮನವರ ವರದಿಯನ್ನು ಎಡಭಾಗ ಮಾತ್ರ ತೆಗೆದು ಕಳಿಸಿದ್ದೆವು, ವೈದ್ಯರು ಏನೂ ಅನ್ನಲಿಲ್ಲ.
— ರಾ., ತುಮಕೂರು

ರಾ. ಅವರೇ, ನಿಮ್ಮ ವೈದ್ಯರ ತಾಳ್ಮೆ ದೊಡ್ಡದು. ವಯಸ್ಸು, ಲಿಂಗ, ಯಂತ್ರ ಬದಲಾದರೆ ಮಿತಿಯೂ ಬದಲಾಗುತ್ತದೆ. ಆಯಾ ಲ್ಯಾಬ್ ಕೊಟ್ಟದ್ದನ್ನೇ ನೋಡಬೇಕು.

ನಾನು ಇಪ್ಪತ್ತು ವರ್ಷ ಲ್ಯಾಬಿನಲ್ಲಿದ್ದವಳು. ಸಾಲು ಜಾರಿದರೆ ಏನಾಗುತ್ತದೆ ನೋಡಿ. ಒಂದು ವರದಿಯಲ್ಲಿ ಎಂಸಿಎಚ್, ಅಂದರೆ ಒಂದು ಕೆಂಪು ರಕ್ತಕಣದಲ್ಲಿರುವ ಹಿಮೋಗ್ಲೋಬಿನ್ನಿನ ಸರಾಸರಿ ತೂಕ, 30.5 ಪಿಕೋಗ್ರಾಂ, ಮಿತಿ 27ರಿಂದ 32. ಅದರ ಕೆಳಗೇ ಎಂಸಿಎಚ್‌ಸಿ, ಅಂದರೆ ಕೆಂಪುಕಣಗಳಲ್ಲಿ ಹಿಮೋಗ್ಲೋಬಿನ್ ಎಷ್ಟು ಸಾಂದ್ರವಾಗಿದೆ ಎಂಬುದು, 32.9, ಡೆಸಿಲೀಟರಿಗೆ ಗ್ರಾಂ ಲೆಕ್ಕದಲ್ಲಿ, ಮಿತಿ 31.5ರಿಂದ 34.5. ಎರಡೂ ಸರಿಯಾಗಿವೆ. ಕಾಗದದ ಮಡಿಕೆಯಿಂದಲೋ ಓರೆಯಾಗಿ ಹಿಡಿದ ಮೊಬೈಲಿನಿಂದಲೋ ಬಲಭಾಗ ಒಂದು ಸಾಲು ಮೇಲೇರಿದರೆ 30.5ರ ಎದುರು 31.5 ಬಂದು ನಿಲ್ಲುತ್ತದೆ, ಇದ್ದಕ್ಕಿದ್ದಂತೆ ‘ಕಡಿಮೆ’! ಅಂಕಿಗಳು ಹತ್ತಿರ ಹತ್ತಿರ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಏಕಮಾನ ಅಂಕಿಯ ಪಕ್ಕದಲ್ಲಿದ್ದರೆ ಗುಟ್ಟು ರಟ್ಟಾಗುತ್ತದೆ. ಇನ್ನೊಂದು ತಾಳೆಯೂ ಇದೆ: ಅದೇ ವರದಿಯ ಹಿಮೋಗ್ಲೋಬಿನ್ 11.2 ಅನ್ನು ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು, 34ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 32.9, ಅದು ಎಂಸಿಎಚ್‌ಸಿಯ ಅಂಕಿಯೇ.

ಪದದ ಮಾತು: ‘ಸಾಮಾನ್ಯ’ ಬೇಡ. ಆರೋಗ್ಯವಂತರನ್ನು ಅಳೆದು ಅವರಲ್ಲಿ ನಡುವಿನ ಶೇಕಡಾ 95 ಮಂದಿಯ ಅಂಕಿಗಳನ್ನು ತೆಗೆದುಕೊಂಡದ್ದು ಅದು. ಮಿಕ್ಕ ಐದು ಮಂದಿಯೂ ಆರೋಗ್ಯವಂತರೇ, ಅವರನ್ನು ಅಸಾಮಾನ್ಯರು ಎನ್ನುತ್ತೀರಾ? ‘ಹೋಲಿಕೆಯ ಮಿತಿ’ ಎನ್ನಬಹುದು.
— ಲ., ಹುಬ್ಬಳ್ಳಿ

‘ಮಿತಿ’ಯೂ ಸಂಸ್ಕೃತವೇ. ‘ಎಲ್ಲೆ’ ಎನ್ನಿ.
— ವೆಂ.

ವೆಂಕಣ್ಣನವರೇ, ಎರಡು ಗಂಟೆಯ ಹಿಂದೆ ‘ಹರವು’ ಎಂದಿರಿ. ‘ಹರವು’ ಎಂದರೆ ನಮ್ಮ ಕಡೆ ಎದೆಯ, ಹೊಲದ ಅಗಲ. ‘ಲ್ಯಾಬ್’, ‘ಪಿಸಿವಿ’ ಬಗ್ಗೆ ಮಾತ್ರ ತಮಗೆ ತಕರಾರಿಲ್ಲವೇ?
— ಲ.

ಲ್ಯಾಬಿಗೆ ನನ್ನಲ್ಲಿ ಪದವಿದೆ. ಕೇಳಿದವರಿಲ್ಲ.
— ವೆಂ.

‘ಹೋಲಿಕೆಯ ಮಿತಿ’ ಎಂದು ಹಾಕಿ, ಕೆಳಗೆ ಸಣ್ಣಕ್ಷರದಲ್ಲಿ ‘ರೇಂಜ್’ ಸೇರಿಸಿದೆ. ‘ಮಡಿಕೆ ಬಿಡಿಸಿ, ಮೇಜಿನ ಮೇಲೆ ಹರಡಿ, ನೇರ ಮೇಲಿನಿಂದ ತೆಗೆಯಿರಿ’ ಎಂಬ ಸಾಲನ್ನೂ ಹಾಕಿದ್ದೇನೆ. ‘ಏಕಮಾನ’ಕ್ಕೆ ಮಾತ್ರ ಕ್ಲಿನಿಕ್ಕಿನವರೇ ತಲೆ ಕೆರೆದುಕೊಳ್ಳುತ್ತಿದ್ದಾರೆ. ಐದೂವರೆಯವರೆಗೆ ಸಮಯವಿದೆ.
— ಸು.