ಅತಿಥಿಗಳ ಹೆಸರನ್ನು ಅವರ ಬಾಯಿಂದಲೇ ಕೇಳಿಕೋ

“ಅತ್ತೆ, ಶನಿವಾರ ಪುರಭವನದ ಕಾರ್ಯಕ್ರಮಕ್ಕೆ ನಿರೂಪಣೆ ನನ್ನದು. ಆಹ್ವಾನ ಪತ್ರಿಕೆಯಲ್ಲಿ ಇಬ್ಬರ ಹೆಸರು ಇಂಗ್ಲಿಷ್‌ನಲ್ಲಿ ಮಾತ್ರ ಇದೆ, Coelho ಮತ್ತು Ezhuthachan ಅಂತ. ಹೇಗೆ ಓದುವುದು?”

ಮಗಳೇ, ಮೊದಲ ಹೆಸರನ್ನು ನೀನು ಮಂಗಳೂರಿನಲ್ಲಿ ಕೇಳಿಯೇ ಇರುತ್ತೀ, ಆದರೆ ಬರೆದದ್ದನ್ನು ನೋಡಿರಲಿಕ್ಕಿಲ್ಲ. ಅದು ನಮ್ಮ ಕ್ರೈಸ್ತ ಕುಟುಂಬಗಳಲ್ಲಿರುವ ಪೋರ್ಚುಗೀಸ್ ಮೂಲದ ಉಪನಾಮ. ಆ ಭಾಷೆಯಲ್ಲಿ lh ಎಂಬ ಜೋಡಿ ಅಕ್ಷರಕ್ಕೆ ಹೆಚ್ಚುಕಡಿಮೆ ನಮ್ಮ ‘ಲ್ಯ’ದ ಧ್ವನಿ ಇರುವುದರಿಂದ, ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿಕೊಂಡು ‘ಕೊಯೆಲ್‌ಹೋ’ ಎಂದು ಓದಿದರೆ ಹೆಸರು ದೂರ ಹೋಗುತ್ತದೆ. ನಮ್ಮ ಊರಿನಲ್ಲಿ ಸಾಮಾನ್ಯವಾಗಿ ಕೇಳಿಬರುವುದು ‘ಕುವೆಲ್ಲೊ’. ಹಾಗೆಂದು ಅದನ್ನೇ ಖಂಡಿತವೆಂದು ಬರೆದುಕೊಳ್ಳಬೇಡ. ಬೇರೆ ಊರಿನಲ್ಲಿ ಬೆಳೆದವರು ತಮ್ಮ ಹೆಸರನ್ನು ಬೇರೆ ರೀತಿ ಹೇಳಿಕೊಳ್ಳುವುದುಂಟು, ಮತ್ತು ವೇದಿಕೆಯ ಮೇಲೆ ಸಲ್ಲುವುದು ಅವರ ಮನೆಯ ಉಚ್ಚಾರವೇ ಹೊರತು ಪೋರ್ಚುಗೀಸ್ ನಿಘಂಟಿನದಲ್ಲ.

ಎರಡನೆಯದು ಮಲಯಾಳದ ಹೆಸರು. ಅಲ್ಲಿ zh ಎಂದು ಬರೆಯುವುದು ‘ಜ’ವೂ ಅಲ್ಲ, ‘ಝ’ವೂ ಅಲ್ಲ, ಹಳಗನ್ನಡದಲ್ಲಿದ್ದ ೞ ಅಕ್ಷರದ ಧ್ವನಿ ಅದು. ನಾವು ಈಗ ‘ಏಳು’, ‘ಕೋಳಿ’ ಎನ್ನುವ ಕಡೆ ಮಲಯಾಳಿಗಳು ಆ ಧ್ವನಿಯನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ನಾಲಗೆಯ ತುದಿಯನ್ನು ‘ಳ’ ಹೇಳುವಾಗಿನಂತೆ ಹಿಂದಕ್ಕೆ ಮಡಿಸಬೇಕು, ಆದರೆ ಅಂಗುಳಕ್ಕೆ ತಾಗಿಸಬಾರದು. ಅದು ಬಾರದಿದ್ದರೆ ‘ಎಳುತ್ತಚ್ಛನ್’ ಎಂದು ‘ಳ’ಕಾರದಿಂದ ಹೇಳು, ಹತ್ತಿರವಾಗುತ್ತದೆ, ‘ಎಜುತಾಚನ್’ ಎಂದರೆ ಅವರಿಗೆ ತಮ್ಮ ಹೆಸರೇ ಗುರುತು ಸಿಗದು. ನಡುವಿನ th ಕೂಡ ‘ಥ’ ಅಲ್ಲ, ಒತ್ತಿ ಹೇಳುವ ‘ತ್ತ’.

ಇಷ್ಟು ತಿಳಿದ ಮೇಲೂ ಇಬ್ಬರಿಗೂ ಫೋನ್ ಮಾಡಲೇಬೇಕು, ಮತ್ತು ಕೇಳುವ ರೀತಿಯಲ್ಲಿಯೇ ಹೆಚ್ಚಿನವರು ತಪ್ಪುತ್ತಾರೆ. ನೀನು ಹೆಸರನ್ನು ಹೇಳಿ “ಇದು ಸರಿಯಲ್ಲವೇ ಸರ್?” ಎಂದು ಕೇಳಿದರೆ, ದೊಡ್ಡವರು ಸೌಜನ್ಯದಿಂದ “ಹೌದು, ಹೌದು” ಎಂದುಬಿಡುತ್ತಾರೆ. “ಹೇಗೆ ಹೇಳಿದರೂ ಪರವಾಗಿಲ್ಲ” ಎಂಬ ಉತ್ತರ ಬಂದರಂತೂ ನೀನು ಹೇಳಿದ್ದು ತಪ್ಪಾಗಿದೆ ಎಂದೇ ತಿಳಿದುಕೋ. ಆದ್ದರಿಂದ ನೀನು ಮೊದಲು ಹೇಳಲೇಬೇಡ. “ತಮ್ಮ ಪೂರ್ಣ ಹೆಸರನ್ನು ತಾವೇ ಒಮ್ಮೆ ಹೇಳುತ್ತೀರಾ, ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ” ಎಂದು ಕೇಳು. ಅವರು ಹೇಳಿದ್ದನ್ನು ನೀನು ತಿರುಗಿ ಹೇಳಿದಾಗ ಅವರು ಮತ್ತೊಮ್ಮೆ ನಿಧಾನವಾಗಿ ಹೇಳಿದರೆ, ಎಲ್ಲಿ ಒತ್ತಿ ಹೇಳಿದರೆಂದು ಗಮನಿಸು; ನೀನು ತಪ್ಪಿದ ಜಾಗ ಅದೇ. ಸಾಧ್ಯವಾದರೆ ಹೆಸರನ್ನಷ್ಟೇ ಹೇಳಿ ಒಂದು ಚಿಕ್ಕ ಧ್ವನಿಸಂದೇಶ ಕಳುಹಿಸುವಂತೆ ವಿನಂತಿಸು.

ಅದೇ ಕರೆಯಲ್ಲಿ, ವೇದಿಕೆಯ ಮೇಲೆ ಯಾವ ಹೆಸರಿನಿಂದ ಕರೆಯಬೇಕೆಂದೂ ಕೇಳು. ಕೇರಳದ ಕಡೆಯವರಲ್ಲಿ ಹೆಸರಿನ ಹಿಂದೆಯೋ ಮುಂದೆಯೋ ಇರುವ ಒಂದಕ್ಷರ ತಂದೆಯ ಹೆಸರಾಗಿರಬಹುದು, ತರವಾಡಿನ, ಅಂದರೆ ಮೂಲ ಮನೆತನದ, ಹೆಸರೂ ಆಗಿರಬಹುದು. ಅದನ್ನು ಬಿಡಿಸಿ ಹೇಳುವುದು ಅವರಿಗೆ ಇಷ್ಟವೋ ಇಲ್ಲವೋ ನಮಗೆ ಗೊತ್ತಿರುವುದಿಲ್ಲ. ಮಹಿಳೆಯಾದರೆ ನೀನಾಗಿ ‘ಶ್ರೀಮತಿ’ ಸೇರಿಸಬೇಡ. ಅಂತರ್ಜಾಲದಲ್ಲಿ ಸಿಗುವ ಪರಿಚಯ ಎಷ್ಟೋ ಸಲ ಹಳೆಯದಾಗಿರುತ್ತದೆ. ಅದರಲ್ಲಿ ವಿಭಾಗದ ಮುಖ್ಯಸ್ಥರಾಗಿದ್ದವರು ಈಗ ನಿವೃತ್ತರಾಗಿರಬಹುದು. ನೀನು ಬರೆದ ಪರಿಚಯವನ್ನು ಇದ್ದ ಹಾಗೆಯೇ ಫೋನಿನಲ್ಲಿ ಓದಿ ಹೇಳಿ, ಬೇಡವೆಂದದ್ದನ್ನು ಅಲ್ಲೇ ತೆಗೆದುಬಿಡು.

ನಿನ್ನ ಚೀಟಿಯಲ್ಲಿ ಇಂಗ್ಲಿಷ್ ಅಕ್ಷರಗಳು ಇರಲೇಬಾರದು, ಗಡಿಬಿಡಿಯಲ್ಲಿ ಕಣ್ಣು ಅವುಗಳ ಕಡೆಗೇ ಹೋಗುತ್ತದೆ. ಕನ್ನಡದಲ್ಲಿ ದಪ್ಪಗೆ ‘ಎಳುತ್‑ತಚ್‑ಛನ್’ ಎಂದು ಬಿಡಿಸಿ ಬರೆದುಕೋ. ಬರಿಯ ಹೆಸರನ್ನಲ್ಲ, “ಎಳುತ್ತಚ್ಛನ್ ಅವರನ್ನು ವೇದಿಕೆಗೆ ಆದರಪೂರ್ವಕವಾಗಿ ಆಹ್ವಾನಿಸುತ್ತೇನೆ” ಎಂಬ ಇಡೀ ವಾಕ್ಯವನ್ನು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡು, ಏಕೆಂದರೆ ನಾಲಗೆ ತಡವರಿಸುವುದು ಹೆಸರಿನಿಂದ ‘ಅವರನ್ನು’ ಎಂಬಲ್ಲಿಗೆ ದಾಟುವಾಗ. ಅಂದು ಅತಿಥಿಗಳು ಬಂದು ಕುಳಿತ ಮೇಲೆ ಹತ್ತಿರ ಹೋಗಿ ಇನ್ನೊಮ್ಮೆ ಹೇಳಿ ನೋಡು. ಆದರೂ ಮೈಕಿನ ಮುಂದೆ ತಪ್ಪಿದರೆ, ಕ್ಷಮಿಸಿ ಎಂದು ಸರಿಯಾದ ಹೆಸರನ್ನು ಒಮ್ಮೆ ಹೇಳಿ ಮುಂದೆ ಹೋಗು. ದೀರ್ಘ ವಿವರಣೆ ಕೊಡಲು ಹೋದರೆ ಸಭೆಗೆ ಆ ತಪ್ಪೇ ನೆನಪಿನಲ್ಲಿ ಉಳಿಯುತ್ತದೆ.

ಇನ್ನೊಂದು ವಿಷಯ. ಸ್ವಾಗತ ಮಾಡುವವರು, ಸನ್ಮಾನ ಪತ್ರ ಓದುವವರು, ಧನ್ಯವಾದ ಸಮರ್ಪಿಸುವವರು ಎಲ್ಲರೂ ಅದೇ ಆಹ್ವಾನ ಪತ್ರಿಕೆಯನ್ನು ನೋಡಿಯೇ ಓದುತ್ತಾರೆ. ನಿನ್ನ ಚೀಟಿಯ ಪ್ರತಿಯನ್ನೂ, ಬಂದರೆ ಆ ಧ್ವನಿಸಂದೇಶವನ್ನೂ ಅವರಿಗೆ ಇವತ್ತೇ ಕಳುಹಿಸು. ಸ್ಮರಣಿಕೆಯ ಮೇಲೆ ಹೆಸರನ್ನು ಕನ್ನಡದಲ್ಲಿ ಬರೆಸುವುದಾದರೆ, ಅಂಗಡಿಯವರು ಕೆಲಸ ಶುರು ಮಾಡುವ ಮೊದಲು ಆ ಬರಹವನ್ನೂ ಅತಿಥಿಗಳಿಗೆ ಕಳುಹಿಸಿ ಒಪ್ಪಿಗೆ ಪಡೆದುಕೋ.